ಕೇಳುವವರು ಯಾರು, ಮಾಡುವವರು ಯಾರು: ಕೊರಿಯನ್ ಕ್ರಿಯಾಪದದ ಎರಡು ಮರ್ಯಾದೆಗಳು

ಕೊರಿಯನ್ ಧಾರಾವಾಹಿ ನೋಡುವ ಮನೆಗಳಲ್ಲಿ ಎರಡು ಮಾತುಗಳು ಮಕ್ಕಳಿಗೂ ಬಾಯಿಪಾಠವಾಗಿರುತ್ತವೆ. ಒಂದು ‘ಆನ್ಯೊಂಗ್‌ಹಾಸೆಯೊ’, ನಮಸ್ಕಾರ. ಇನ್ನೊಂದು ‘ಗಾಮ್ಸಾಹಾಮ್ನಿದಾ’, ಧನ್ಯವಾದ. ಎರಡೂ ಮರ್ಯಾದೆಯ ಮಾತುಗಳೇ. ಆದರೆ ಮೊದಲನೆಯದರೊಳಗೆ ‘ಸೆ’ ಎಂಬ ತುಣುಕಿದೆ, ಎರಡನೆಯದರಲ್ಲಿ ಅದಿಲ್ಲ. ಏಕಿಲ್ಲ ಎಂದು ತಿಳಿದುಕೊಂಡರೆ ಕೊರಿಯನ್ ಮರ್ಯಾದೆಯ ವ್ಯಾಕರಣದ ಮುಖ್ಯ ಗುಟ್ಟು ಕೈಗೆ ಸಿಕ್ಕಂತೆ.

‘ಆನ್ಯೊಂಗ್‌ಹಾಸೆಯೊ’ ಎಂದರೆ ಮೂಲದಲ್ಲಿ ‘ಕ್ಷೇಮವಾಗಿದ್ದೀರಾ’ ಎಂಬ ಪ್ರಶ್ನೆ. ಕ್ಷೇಮವಾಗಿರಬೇಕಾದವರು ಎದುರಿಗಿರುವವರು. ಅವರನ್ನು ಗೌರವಿಸಲು ಕ್ರಿಯಾಪದದ ನಡುವೆ ‘ಶಿ’ ಎಂಬ ಪ್ರತ್ಯಯ ಬರುತ್ತದೆ, ಕೊನೆಯ ‘ಯೊ’ ಜೊತೆ ಕೂಡಿಕೊಂಡು ಅದು ‘ಸೆಯೊ’ ಆಗುತ್ತದೆ. ‘ಗಾಮ್ಸಾಹಾಮ್ನಿದಾ’ದಲ್ಲಿ ಕೃತಜ್ಞತೆ ಹೇಳುತ್ತಿರುವವನು ನಾನು. ಕೊರಿಯನ್ನಿನಲ್ಲಿ ಯಾರೂ ತಮಗೆ ತಾವೇ ಮರ್ಯಾದೆ ಕೊಟ್ಟುಕೊಳ್ಳುವಂತಿಲ್ಲ, ಹಾಗಾಗಿ ಅಲ್ಲಿ ‘ಶಿ’ಗೆ ಜಾಗವಿಲ್ಲ. ಆದರೂ ಅದು ವಿನಯದ ಮಾತಾಗಿ ಕೇಳಿಸುವುದು ಕೊನೆಯ ‘ಮ್ನಿದಾ’ದಿಂದ, ಆ ವಿನಯ ಕೇಳುಗರಿಗೆ ಸಲ್ಲುವಂಥದ್ದು.

ಅಂದರೆ ಒಂದೇ ಕ್ರಿಯಾಪದದಲ್ಲಿ ಮರ್ಯಾದೆಗೆ ಎರಡು ಸ್ಥಾನಗಳಿವೆ. ನಡುವಿನ ಸ್ಥಾನ ನೋಡುವುದು ಕೆಲಸ ಮಾಡುತ್ತಿರುವವರು ಯಾರು ಎಂಬುದನ್ನು. ಕೊನೆಯ ಸ್ಥಾನ ನೋಡುವುದು ಮಾತು ಕೇಳಿಸಿಕೊಳ್ಳುತ್ತಿರುವವರು ಯಾರು ಎಂಬುದನ್ನು. ಕೊರಿಯನ್ ಕಲಿಯುವವರು ಮಾಡುವ ತಪ್ಪುಗಳಲ್ಲಿ ಬಹುಪಾಲು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡಾಗ ಹುಟ್ಟುತ್ತವೆ. ಆದ್ದರಿಂದ ಅಭ್ಯಾಸ ಮಾಡುವಾಗ ಎರಡನ್ನೂ ಬೇರೆಬೇರೆಯಾಗಿಯೇ ಕೇಳಿಕೊಳ್ಳಬೇಕು.

ಧಾರವಾಡದವರಿಗೆ ಗೊತ್ತಿರುವ ಗಣಿತ

ಕನ್ನಡದ ಕ್ರಿಯಾಪದ ಸಾಮಾನ್ಯವಾಗಿ ನೋಡುವುದು ಕರ್ತೃವನ್ನು. ‘ತಮ್ಮ ಹೋದ’, ‘ಅಜ್ಜ ಹೋದರು’. ಇದನ್ನು ಗೆಳೆಯನಿಗೆ ಹೇಳಿದರೂ ಜಿಲ್ಲಾಧಿಕಾರಿಗೆ ಹೇಳಿದರೂ ಕ್ರಿಯಾಪದ ಬದಲಾಗದು. ಆದರೆ ಉತ್ತರ ಕರ್ನಾಟಕದ ಮಾತಿನಲ್ಲಿ ಕೇಳುಗರಿಗೂ ಒಂದು ಗುರುತಿದೆ. ‘ತಮ್ಮ ಹೋದನ್ರೀ’ ಎಂದಾಗ ತಮ್ಮನಿಗೆ ಏಕವಚನ, ಕೇಳುವವರಿಗೆ ‘ರೀ’. ‘ಅಜ್ಜಾರು ಹೋದರಲೇ’ ಎಂದಾಗ ಅಜ್ಜನಿಗೆ ಬಹುವಚನ, ಕೇಳುವ ಗೆಳೆಯನಿಗೆ ‘ಲೇ’. ‘ನಾಯಿ ಬಂತ್ರೀ’ ಎಂದರೆ ನಾಯಿಗೆ ಮರ್ಯಾದೆ ಕೊಟ್ಟಂತಲ್ಲ ಎಂದು ಅಲ್ಲಿನ ಮಗುವಿಗೂ ಗೊತ್ತು.

ಕೊರಿಯನ್ನಿನ ‘ಯೊ’ ಮಾಡುವ ಕೆಲಸ ಈ ‘ರೀ’ಯದ್ದೇ, ‘ಶಿ’ ಮಾಡುವ ಕೆಲಸ ‘ಹೋದರು’ ಎಂಬಲ್ಲಿನ ‘ರು’ವಿನದು. ವ್ಯತ್ಯಾಸ ಇಷ್ಟು: ಧಾರವಾಡದವರು ನಾಲ್ಕು ವಾಕ್ಯದಲ್ಲಿ ಒಂದು ಕಡೆ ‘ರೀ’ ಬಿಟ್ಟರೆ ಯಾರೂ ಬೇಸರಿಸುವುದಿಲ್ಲ. ಕೊರಿಯನ್ನಿನಲ್ಲಿ ಪ್ರತಿ ವಾಕ್ಯದ ಕೊನೆಯಲ್ಲೂ ಆಯ್ಕೆ ಮಾಡಲೇಬೇಕು, ಎದುರಿಗಿರುವವರ ಜೊತೆ ಆಡುವ ಮಾತಿನಲ್ಲಿ ಯಾರ ಪರವೂ ಅಲ್ಲದ ಖಾಲಿ ರೂಪ ಎಂಬುದಿಲ್ಲ. ಏನನ್ನೂ ಸೇರಿಸದೆ ಬಿಟ್ಟರೆ ಅದೇ ಸಲುಗೆಯ ರೂಪವಾಗಿಬಿಡುತ್ತದೆ.

ಮೂರು ಕೊನೆಗಳು

ಕೇಳುಗರನ್ನು ನೋಡಿ ಬದಲಾಗುವ ಕೊನೆಗಳನ್ನು ವ್ಯಾಕರಣ ಪುಸ್ತಕಗಳು ಆರು ಹಂತಗಳಾಗಿ ವಿಂಗಡಿಸುತ್ತವೆ. ದಿನಬಳಕೆಗೆ ಮೂರು ಸಾಕು. ‘ಹೋಗು’ ಎಂಬ ಕ್ರಿಯೆಯ ಧಾತು ‘ಗಾ’. ಗೆಳೆಯರೊಂದಿಗೆ ಅದು ಬರೀ ‘ಗಾ’. ಈ ಸಲುಗೆಯ ಮಾತಿಗೆ ‘ಬಾನ್ಮಾಲ್’ ಎನ್ನುತ್ತಾರೆ. ಅದಕ್ಕೆ ‘ಯೊ’ ಸೇರಿಸಿ ‘ಗಾಯೊ’ ಎಂದರೆ ಅಂಗಡಿ, ಬಸ್ಸು, ನೆರೆಹೊರೆ, ಕಚೇರಿ ಎಲ್ಲೆಡೆ ನಡೆಯುವ ವಿನಯದ ರೂಪ. ‘ಗಾಮ್ನಿದಾ’ ಎಂದರೆ ಅದೇ ವಿನಯ, ಆದರೆ ಔಪಚಾರಿಕವಾದದ್ದು. ಟಿವಿ ವಾರ್ತೆ, ರೈಲಿನ ಪ್ರಕಟಣೆ, ಕೆಲಸದ ಸಂದರ್ಶನ, ಸಭೆಯ ಭಾಷಣ ಇದರ ನೆಲೆಗಳು. ಸೈನ್ಯದಲ್ಲಿ ವಾಕ್ಯಗಳೆಲ್ಲ ಈ ಬಗೆಯ ಕೊನೆಯಲ್ಲೇ ಮುಗಿಯಬೇಕೆಂಬ ಕಟ್ಟುಪಾಡು ಬಹುಕಾಲ ಇತ್ತು. 2016ರಲ್ಲಿ ರಕ್ಷಣಾ ಇಲಾಖೆ ಅದನ್ನು ಸಡಿಲಿಸಿ, ಔಪಚಾರಿಕವಲ್ಲದ ಹೊತ್ತಿನಲ್ಲಿ ‘ಯೊ’ಗೂ ಅವಕಾಶ ಕೊಟ್ಟಿತು.

‘ಯೊ’ ಮತ್ತು ‘ಮ್ನಿದಾ’ ಒಂದೇ ಸಂಭಾಷಣೆಯಲ್ಲಿ ಬೆರೆತರೆ ತಪ್ಪಲ್ಲ. ಕಚೇರಿಯಲ್ಲಿ ಮೇಲಧಿಕಾರಿಯ ಜೊತೆ ಮಾತನಾಡುವವರು ವಿಷಯ ಒಪ್ಪಿಸುವಾಗ ‘ಮ್ನಿದಾ’ ಬಳಸಿ, ನಡುವಿನ ವಿವರಣೆಗೆ ‘ಯೊ’ಗೆ ಇಳಿಯುವುದು ಸಹಜ. ಬೆರೆಯಬಾರದದ್ದು ‘ಯೊ’ ಮತ್ತು ಬಾನ್ಮಾಲ್. ಹಿರಿಯರ ಮುಂದೆ ನಾಲ್ಕು ವಾಕ್ಯ ‘ಯೊ’ ಎಂದು ಐದನೆಯದರಲ್ಲಿ ಅದನ್ನು ಮರೆತರೆ ಆ ಒಂದೇ ವಾಕ್ಯ ಕಿವಿಗೆ ಬಡಿಯುತ್ತದೆ.

ಉಳಿದ ಹಂತಗಳು ಧಾರಾವಾಹಿಗಳಲ್ಲೂ ಬರಹದಲ್ಲೂ ಎದುರಾಗುತ್ತವೆ. ಅರಮನೆಯ ಕಥೆಗಳ ಗಂಭೀರ ಸಂಭಾಷಣೆಯಲ್ಲಿ ಕೇಳಿಬರುವ ‘ಒ’ ಕೊನೆಯ ರೂಪ ಇಂದು ಮಾತಿನಿಂದ ಹೆಚ್ಚುಕಡಿಮೆ ಮರೆಯಾಗಿದೆ. ಆದರೆ ಕಟ್ಟಡಗಳ ಬಾಗಿಲ ಮೇಲೆ ‘ಮಿಶಿಯೊ’, ‘ದಾಂಗಿಶಿಯೊ’ (ತಳ್ಳಿ, ಎಳೆಯಿರಿ) ಎಂದು ಅದು ಈಗಲೂ ಕಾಣಿಸುತ್ತದೆ. ಪತ್ರಿಕೆಯ ಸುದ್ದಿ ‘ಗಾಂದಾ’ ಎಂಬ ಸರಳ ರೂಪದಲ್ಲಿರುತ್ತದೆ, ಏಕೆಂದರೆ ಅದಕ್ಕೆ ನಿರ್ದಿಷ್ಟ ಕೇಳುಗರೇ ಇಲ್ಲ. ಅದೇ ಸುದ್ದಿಯನ್ನು ಟಿವಿಯಲ್ಲಿ ಓದುವವರು ವೀಕ್ಷಕರನ್ನು ನೋಡುತ್ತಾ ಹೇಳುವುದರಿಂದ ಅವರ ಬಾಯಲ್ಲಿ ಅದು ‘ಗಾಮ್ನಿದಾ’ ಆಗುತ್ತದೆ.

ಒಂದು ವಾಕ್ಯ, ಆರು ರೂಪ

ಈಗ ಅಭ್ಯಾಸಕ್ಕೆ ಬರೋಣ. ಒಂದೇ ಸುದ್ದಿ ತೆಗೆದುಕೊಳ್ಳಿ: ‘ಹೋದರು’ ಅಥವಾ ‘ಹೋದ’. ಹೋದವರು ಇಬ್ಬರಲ್ಲಿ ಒಬ್ಬರು, ಮೇಷ್ಟ್ರು (ಸೊನ್ಸೆಂಗ್‌ನಿಮ್) ಇಲ್ಲವೇ ತಮ್ಮ (ದೊಂಗ್‌ಸೆಂಗ್). ಕೇಳುವವರು ಮೂವರಲ್ಲಿ ಒಬ್ಬರು: ಗೆಳತಿ, ಪರಿಚಯವಿಲ್ಲದ ನೆರೆಯವರು, ಸಭೆ.

ತಮ್ಮನ ಸುದ್ದಿ ಮೊದಲು. ಗೆಳತಿಗೆ ‘ದೊಂಗ್‌ಸೆಂಗಿ ಗಾಸ್ಸೊ’. ನೆರೆಯವರಿಗೆ ‘ದೊಂಗ್‌ಸೆಂಗಿ ಗಾಸ್ಸೊಯೊ’. ಸಭೆಗೆ ‘ದೊಂಗ್‌ಸೆಂಗಿ ಗಾಸ್ಸುಮ್ನಿದಾ’. ಮೂರರಲ್ಲೂ ‘ಗಾಸ್ಸ್’ ಎಂಬ ಭೂತಕಾಲದ ಒಡಲು ಹಾಗೆಯೇ ಇದೆ, ಬಾಲ ಮಾತ್ರ ಬದಲಾಗಿದೆ.

ಈಗ ಮೇಷ್ಟ್ರ ಸುದ್ದಿ. ಗೆಳತಿಗೆ ‘ಸೊನ್ಸೆಂಗ್‌ನಿಮಿ ಗಾಶ್ಯೊಸ್ಸೊ’. ನೆರೆಯವರಿಗೆ ‘ಗಾಶ್ಯೊಸ್ಸೊಯೊ’. ಸಭೆಗೆ ‘ಗಾಶ್ಯೊಸ್ಸುಮ್ನಿದಾ’. ಒಡಲಿನಲ್ಲಿ ಬಂದಿರುವ ‘ಶ್ಯೊ’ ಎಂಬುದು ‘ಶಿ’ ಭೂತಕಾಲದ ಜೊತೆ ಬೆರೆತ ರೂಪ. ಗೆಳತಿಗೆ ಹೇಳಿದಾಗಲೂ ಅದು ಉಳಿಯಿತು ಎಂಬುದನ್ನು ಗಮನಿಸಿ. ಗೆಳತಿಯ ಜೊತೆ ಸಲುಗೆ ಇದೆ ಎಂದ ಮಾತ್ರಕ್ಕೆ ಮೇಷ್ಟ್ರ ಮರ್ಯಾದೆ ಕಡಿಮೆಯಾಗುವುದಿಲ್ಲ. ಹಾಗೆಯೇ ಸಭೆ ದೊಡ್ಡದು ಎಂಬ ಕಾರಣಕ್ಕೆ ತಮ್ಮನಿಗೆ ‘ಶಿ’ ಬರುವುದಿಲ್ಲ.

ಉತ್ತರ ಸರಿಯಾಗಿದೆಯೇ ಎಂದು ನಾವೇ ನೋಡಿಕೊಳ್ಳುವ ಉಪಾಯ ಇದರಲ್ಲೇ ಇದೆ. ಕೆಲವು ಚೀಟಿಗಳಲ್ಲಿ ಕರ್ತೃಗಳನ್ನೂ ಇನ್ನು ಕೆಲವು ಚೀಟಿಗಳಲ್ಲಿ ಕೇಳುಗರನ್ನೂ ಬರೆದು ಎರಡು ಕಟ್ಟು ಮಾಡಿ. ಒಂದೊಂದು ಕಟ್ಟಿನಿಂದ ಒಂದೊಂದು ಚೀಟಿ ತೆಗೆದು ವಾಕ್ಯ ಹೇಳಿ. ಆಮೇಲೆ ಕೇಳುಗರ ಚೀಟಿಯನ್ನಷ್ಟೇ ಬದಲಿಸಿ ಮತ್ತೆ ಹೇಳಿ. ಈಗ ಬಾಲವಷ್ಟೇ ಬದಲಾಗಬೇಕು. ಒಡಲೂ ಬದಲಾದರೆ ಎಲ್ಲೋ ಎರಡು ಪ್ರಶ್ನೆಗಳು ಬೆರೆತಿವೆ ಎಂದರ್ಥ. ಕರ್ತೃವಿನ ಚೀಟಿ ಬದಲಿಸಿದಾಗ ಇದರ ತಿರುವುಮುರುವು: ಒಡಲು ಬದಲಾಗಬಹುದು, ಬಾಲ ಅಲುಗಾಡಬಾರದು.

ಎಡವುವುದು ಒಂದು ಚೀಟಿಯಲ್ಲಿ ಮಾತ್ರ, ಕೇಳುವವರೇ ಕರ್ತೃವೂ ಆಗಿರುವಾಗ. ‘ಎಲ್ಲಿಗೆ ಹೋಗುತ್ತಿದ್ದೀರಿ’ ಎಂದು ನೆರೆಯವರನ್ನು ಕೇಳಬೇಕಾದರೆ ಎರಡೂ ಪ್ರಶ್ನೆಗಳ ಉತ್ತರ ಒಬ್ಬರೇ. ಆಗ ‘ಒದಿ ಗಾಸೆಯೊ?’ ಗೆಳತಿಗಾದರೆ ‘ಒದಿ ಗಾ?’ ನಿತ್ಯದ ಮಾತುಕತೆಯಲ್ಲಿ ಇಂಥ ವಾಕ್ಯಗಳೇ ಹೆಚ್ಚಾಗಿ ಕಿವಿಗೆ ಬೀಳುವುದರಿಂದ ‘ಸೆಯೊ’ ಎಂಬುದು ಒಂದೇ ಇಡೀ ಮರ್ಯಾದೆಯ ತುಣುಕು ಎಂದು ಕಲಿಯುವವರಿಗೆ ಅನಿಸಿಬಿಡುತ್ತದೆ. ಹಾಗಾಗಿ ‘ಒದಿ ಗಾಸೆಯೊ?’ ಎಂದು ಯಾರಾದರೂ ಕೇಳಿದಾಗ ‘ಜಿಬೆ ಗಾಸೆಯೊ’ ಎಂದು ಅದೇ ರೂಪವನ್ನು ಮರಳಿಸುವವರು ಬಹಳ. ಮನೆಗೆ ಹೋಗುತ್ತಿರುವುದು ನಾನೇ ಆದ್ದರಿಂದ ‘ಜಿಬೆ ಗಾಯೊ’ ಎಂದಷ್ಟೇ ಹೇಳಬೇಕು. ಪ್ರಶ್ನೆಯಲ್ಲಿ ‘ಶಿ’ ಇದ್ದರೆ ಉತ್ತರದಲ್ಲಿ ಅದು ಉದುರಬೇಕು ಎಂಬುದನ್ನೇ ಪ್ರತ್ಯೇಕ ಅಭ್ಯಾಸವಾಗಿ ಮಾಡುವುದು ಒಳ್ಳೆಯದು.

ಗೆಳೆಯರು, ಅಪರಿಚಿತರು, ಹಿರಿಯರು

ರೂಪಗಳು ಗೊತ್ತಾದ ಮೇಲೂ ಯಾರಿಗೆ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಅಪರಿಚಿತ ವಯಸ್ಕರಿಗೆ ಉತ್ತರ ಸರಳ: ಬಾಲದಲ್ಲಿ ‘ಯೊ’, ಅವರ ಕ್ರಿಯೆಯನ್ನು ಹೇಳುವಾಗ ‘ಶಿ’ಯೂ. ಅವರು ನೋಡಲು ನಮಗಿಂತ ಕಿರಿಯರಂತೆ ಇದ್ದರೂ ಇದು ಬದಲಾಗದು. ಬಾನ್ಮಾಲ್‌ನಲ್ಲಿ ಶುರುಮಾಡಬಹುದಾದ ಅಪರಿಚಿತರೆಂದರೆ ಪುಟ್ಟ ಮಕ್ಕಳು ಮಾತ್ರ.

ಇಲ್ಲಿ ಕನ್ನಡಿಗರಿಗೆ ಒಂದು ತೊಡಕು ಎದುರಾಗುತ್ತದೆ. ನಮ್ಮ ‘ನೀವು’ ಎಲ್ಲರಿಗೂ ಸಲ್ಲುತ್ತದೆ. ಕೊರಿಯನ್ನಿನಲ್ಲಿ ಅಂಥ ಸರ್ವನಾಮವಿಲ್ಲ. ನಿಘಂಟು ತೋರಿಸುವ ‘ದಾಂಗ್ಶಿನ್’ ಗಂಡಹೆಂಡಿರ ನಡುವೆ, ಜಾಹೀರಾತು ಮತ್ತು ಹಾಡುಗಳಲ್ಲಿ ಸರಿ. ಅಪರಿಚಿತರಿಗೆ ನೇರವಾಗಿ ಅಂದರೆ ಜಗಳಕ್ಕೆ ಕರೆದಂತೆ ಕೇಳಿಸುತ್ತದೆ. ಅದರ ಜಾಗದಲ್ಲಿ ಹುದ್ದೆಯನ್ನೋ ಸಂಬಂಧವಾಚಕವನ್ನೋ ಬಳಸುತ್ತಾರೆ, ಅಥವಾ ಸರ್ವನಾಮವನ್ನೇ ಬಿಟ್ಟುಬಿಡುತ್ತಾರೆ. ‘ಒದಿ ಗಾಸೆಯೊ?’ದಲ್ಲಿ ‘ನೀವು’ ಎಂಬುದೇ ಇಲ್ಲ. ‘ಶಿ’ ಇರುವುದರಿಂದ ಅದು ಎದುರಿಗಿರುವವರ ವಿಷಯ ಎಂದು ತಿಳಿಯುತ್ತದೆ. ಕೊರಿಯನ್ ಕ್ರಿಯಾಪದಕ್ಕೆ ನಾನು, ನೀನು, ಅವನು ಎಂಬ ಭೇದವಿಲ್ಲದ ಕಾರಣ ಈ ಪುಟ್ಟ ಪ್ರತ್ಯಯ ಕರ್ತೃವನ್ನು ಗುರುತಿಸಲೂ ನೆರವಾಗುತ್ತದೆ.

ಗೆಳೆಯರ ವಿಷಯದಲ್ಲಿ ವಯಸ್ಸು ಮುಖ್ಯ. ಒಂದೇ ವರ್ಷ ಹುಟ್ಟಿದವರು ಸಲೀಸಾಗಿ ಬಾನ್ಮಾಲ್‌ಗೆ ಇಳಿಯುತ್ತಾರೆ. ಹೊಸದಾಗಿ ಭೇಟಿಯಾದವರು ಹುಟ್ಟಿದ ವರ್ಷ ಕೇಳುವುದು ಕುತೂಹಲಕ್ಕಲ್ಲ, ವಾಕ್ಯ ಮುಗಿಸುವುದು ಹೇಗೆಂದು ಗೊತ್ತಾಗಲೆಂದು. ವಯಸ್ಸಿನಲ್ಲಿ ಅಂತರವಿದ್ದರೆ ಸಲುಗೆಯ ಮಾತಿಗೆ ಇಳಿಯೋಣ ಎಂಬ ಪ್ರಸ್ತಾಪ ದೊಡ್ಡವರ ಕಡೆಯಿಂದ ಬರಬೇಕು. ಚಿಕ್ಕವರು ಹೇಳಬಹುದಾದದ್ದು ‘ನೀವು ನನ್ನೊಡನೆ ಸಲುಗೆಯಲ್ಲೇ ಮಾತಾಡಿ’ ಎಂದು, ಅದರಿಂದ ತಾವೂ ಇಳಿಯುವ ಹಕ್ಕು ಅವರಿಗೆ ಬರುವುದಿಲ್ಲ. ಇಬ್ಬರೂ ಒಪ್ಪಿ ‘ಯೊ’ ಬಿಟ್ಟ ಮೇಲೆ ಮತ್ತೆ ಅದನ್ನು ಹಾಕಿದರೆ ಮರ್ಯಾದೆ ಹೆಚ್ಚಾಯಿತು ಎಂದು ಯಾರೂ ತಿಳಿಯರು, ಕೋಪ ಬಂದಿದೆ ಎಂದೇ ತಿಳಿಯುತ್ತಾರೆ. ಆದ್ದರಿಂದ ಅನುಮಾನವಿದ್ದಾಗ ‘ಯೊ’ದಲ್ಲೇ ಉಳಿಯುವುದು ಲೇಸು.

ಹಿರಿಯರ ವಿಷಯ ಬಂದಾಗ ‘ಶಿ’ ಸೇರಿಸಿದರಷ್ಟೇ ಸಾಲದ ಕೆಲವು ಕ್ರಿಯಾಪದಗಳಿವೆ, ಅಲ್ಲಿ ಪದವೇ ಬದಲಾಗುತ್ತದೆ. ಗೆಳೆಯನಿಗೆ ‘ಬಾಪ್ ಮೊಗೊಸ್ಸೊ?’, ಊಟ ಆಯ್ತಾ. ಅಜ್ಜಿಗೆ ‘ಹಾಲ್ಮೊನಿ, ಜಿಂಜಿ ದುಶ್ಯೊಸ್ಸೊಯೊ?’ ಅನ್ನಕ್ಕೆ ‘ಬಾಪ್’ ಹೋಗಿ ‘ಜಿಂಜಿ’ ಬಂತು, ತಿನ್ನುವುದಕ್ಕೆ ‘ಮೊಕ್’ ಹೋಗಿ ‘ದುಶಿ’ ಬಂತು. ಮಲಗುವುದಕ್ಕೆ ‘ಜಾ’ದ ಬದಲು ‘ಜುಮುಶಿ’, ಇರುವುದಕ್ಕೆ ‘ಇಸ್ಸ್’ ಬದಲು ‘ಗೆಶಿ’. ಇಂಥವು ಬೆರಳೆಣಿಕೆಯಷ್ಟೇ, ಬಾಯಿಪಾಠ ಮಾಡಿದರೆ ಮುಗಿಯಿತು. ಉಳಿದ ಕ್ರಿಯಾಪದಗಳೆಲ್ಲ ‘ಶಿ’ ನಿಯಮಕ್ಕೆ ಬರುತ್ತವೆ.

ಕಾಫಿಗೆ ಮರ್ಯಾದೆ

ಎರಡು ಪ್ರಶ್ನೆಗಳನ್ನು ಬೆರೆಸುವ ತಪ್ಪು ಕಲಿಯುವವರಿಗಷ್ಟೇ ಸೀಮಿತವಲ್ಲ. ಕೊರಿಯಾದ ಕೆಫೆಗಳಲ್ಲಿ ‘ಖೊಪಿ ನಾಓಶ್ಯೊಸ್ಸುಮ್ನಿದಾ’ ಎಂದು ಕೂಗುವುದು ಸಾಮಾನ್ಯವಾಗಿ ಕೇಳಿಸುತ್ತದೆ. ಕನ್ನಡದಲ್ಲಿ ಹೇಳಿದರೆ ‘ಕಾಫಿಯವರು ಬಂದರು’ ಎಂದಂತೆ. ಬಂದದ್ದು ಕಾಫಿ, ಅದಕ್ಕೆ ‘ಶಿ’ ಬೇಡ. ‘ಖೊಪಿ ನಾವಾಸ್ಸುಮ್ನಿದಾ’ ಎಂದರೆ ಸಾಕು, ಗಿರಾಕಿಗೆ ಸಲ್ಲಬೇಕಾದ ಗೌರವ ಬಾಲದ ‘ಮ್ನಿದಾ’ದಲ್ಲಿ ಪೂರ್ತಿ ಸಂದಿದೆ. ಗಿರಾಕಿ ಬೇಸರಿಸಿಕೊಂಡಾರು ಎಂಬ ಅಂಜಿಕೆಯಿಂದ ಅಂಗಡಿಯವರು ಇನ್ನೊಂದಿಷ್ಟು ಗೌರವ ಸೇರಿಸಲು ಹೋಗಿ, ಕೇಳುಗರಿಗೆ ಕೊಡಬೇಕಾದದ್ದನ್ನು ಕರ್ತೃವಿನ ಜಾಗದಲ್ಲಿ ಇಟ್ಟುಬಿಡುತ್ತಾರೆ. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ ಇದನ್ನು ತಪ್ಪೆಂದು ಹೇಳುತ್ತಲೇ ಬಂದಿದೆ, ಆದರೂ ಬಳಕೆ ನಿಂತಿಲ್ಲ.

ಹಾಗೆಂದು ವಸ್ತುಗಳ ಜೊತೆ ‘ಶಿ’ ಎಂದೂ ಬಾರದು ಎಂದಲ್ಲ. ‘ಅಜ್ಜಿಯ ಕೈ ಚೆನ್ನಾಗಿದೆ’ ಎನ್ನಲು ‘ಹಾಲ್ಮೊನಿನುನ್ ಸೊನಿ ಯೆಪ್ಪುಸೆಯೊ’ ಎಂಬುದು ಸರಿ. ಕೈ ಅಜ್ಜಿಯದೇ ಭಾಗ, ಅದರ ಮೂಲಕ ಗೌರವ ಅಜ್ಜಿಗೆ ತಲುಪುತ್ತದೆ. ಇದಕ್ಕೊಂದು ಸೂಕ್ಷ್ಮ ಮೇರೆಯೂ ಉಂಟು. ಅಜ್ಜಿ ಮನೆಯಲ್ಲಿದ್ದಾರೆ ಎನ್ನಲು ‘ಜಿಬೆ ಗೆಸೆಯೊ’, ಇಲ್ಲಿ ಇರುವುದು ಸ್ವತಃ ಅಜ್ಜಿ. ಅಜ್ಜಿಗೆ ಸಮಯವಿದೆ ಎನ್ನಲು ‘ಶಿಗಾನಿ ಇಸ್ಸುಸೆಯೊ’, ಇಲ್ಲಿ ಇರುವುದು ಸಮಯ. ಆದ್ದರಿಂದ ‘ಗೆಶಿ’ ಎಂಬ ವಿಶೇಷ ಪದ ಬಾರದೆ ಸಾಮಾನ್ಯ ಪದಕ್ಕೇ ‘ಶಿ’ ಅಂಟಿತು.

ಅಜ್ಜನ ಮುಂದೆ ಅಪ್ಪ

ಎರಡು ಪ್ರಶ್ನೆಗಳು ಒಂದಕ್ಕೊಂದು ತಾಗುವ ಸಂದರ್ಭವೂ ಒಂದಿದೆ. ಅಪ್ಪ ಬಂದರು ಎಂದು ಅಜ್ಜನಿಗೆ ತಿಳಿಸಬೇಕು. ಅಪ್ಪ ನನಗೆ ಹಿರಿಯರು, ಅಜ್ಜನಿಗೆ ಮಗ. ಹಳೆಯ ಪದ್ಧತಿಯಲ್ಲಿ ಅಜ್ಜನ ಮುಂದೆ ಅಪ್ಪನಿಗೆ ‘ಶಿ’ ಹಚ್ಚುತ್ತಿರಲಿಲ್ಲ. ಬಾಲದಲ್ಲಿ ಅಜ್ಜನಿಗೆ ಪೂರ್ಣ ಗೌರವ, ಒಡಲಿನಲ್ಲಿ ಅಪ್ಪನಿಗೆ ಏಕವಚನ. ಈ ಪದ್ಧತಿಗೆ ‘ಆಪ್ಚೊನ್ಬೊಪ್’ ಎನ್ನುತ್ತಾರೆ. ಇಂದು ಬಹುತೇಕ ಮನೆಗಳಲ್ಲಿ ಇದು ಸಡಿಲಿದೆ. 2011ರಲ್ಲಿ ಭಾಷಾ ಸಂಸ್ಥೆ ಹೊರತಂದ ಮಾತಿನ ಶಿಷ್ಟಾಚಾರದ ಕೈಪಿಡಿಯೂ ಅಜ್ಜನ ಮುಂದೆ ಅಪ್ಪನಿಗೆ ‘ಶಿ’ ಹೇಳಬಹುದೆಂದು ಒಪ್ಪುತ್ತದೆ. ಕಚೇರಿಗೆ ಈ ಪದ್ಧತಿ ಸಲ್ಲದು. ವಿಭಾಗದ ಮುಖ್ಯಸ್ಥರಿಗೆ ಅವರ ಕೈಕೆಳಗಿನ ಅಧಿಕಾರಿ ಹೊರಟರೆಂದು ತಿಳಿಸುವ ನೌಕರ, ಆ ಅಧಿಕಾರಿ ತನಗಿಂತ ಮೇಲಿನವರಾದ್ದರಿಂದ ‘ಶಿ’ ಬಳಸಬೇಕು. ಹೊರಗಿನ ಗಿರಾಕಿ ಫೋನ್ ಮಾಡಿದಾಗಲೂ ತನ್ನ ಮೇಲಧಿಕಾರಿಯ ಬಗ್ಗೆ ‘ಶಿ’ ಸಹಿತವೇ ಹೇಳುತ್ತಾನೆ.

ನೀವೇ ಮಾಡಿ ನೋಡಿ

ಕೆಳಗಿನ ಐದು ಸಂದರ್ಭಗಳಿಗೆ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ, ಆಮೇಲೆ ಉತ್ತರ ನೋಡಿ.

1. ಸೋಲ್ ಮೆಟ್ರೋದಲ್ಲಿ ಅಪರಿಚಿತ ವೃದ್ಧರಿಗೆ ‘ಇಲ್ಲಿ ಕೂತುಕೊಳ್ಳಿ’ ಎನ್ನಬೇಕು.
2. ಮೇಷ್ಟ್ರು ಕೇಳಿದಾಗ ‘ತಮ್ಮ ಮಲಗಿದ್ದಾನೆ’ ಎನ್ನಬೇಕು.
3. ಗೆಳತಿಗೆ ‘ಅಜ್ಜಿ ಮಲಗಿದ್ದಾರೆ’ ಎನ್ನಬೇಕು.
4. ಕಚೇರಿಯ ಸಭೆಯಲ್ಲಿ ‘ನಾನು ಹೋಗುತ್ತೇನೆ’ ಎನ್ನಬೇಕು.
5. ಅಂಗಡಿಯಲ್ಲಿ ಗಿರಾಕಿಗೆ ‘ಹತ್ತು ಸಾವಿರ ವನ್’ ಎಂದು ಬೆಲೆ ಹೇಳಬೇಕು.

ಮೊದಲನೆಯದರಲ್ಲಿ ಕೂರುವವರೂ ಕೇಳುವವರೂ ವೃದ್ಧರೇ, ಆದ್ದರಿಂದ ಎರಡೂ ಗುರುತು ಬೇಕು: ‘ಯೊಗಿ ಆಂಜುಸೆಯೊ’. ಎರಡನೆಯದರಲ್ಲಿ ಮಲಗಿರುವವನು ತಮ್ಮ, ಕೇಳುವವರು ಮೇಷ್ಟ್ರು. ಒಡಲು ಬರಿದು, ಬಾಲದಲ್ಲಿ ‘ಯೊ’: ‘ದೊಂಗ್‌ಸೆಂಗಿ ಜಾಯೊ’. ಮೂರನೆಯದು ಅದರ ತಿರುವುಮುರುವು. ಅಜ್ಜಿಗೆ ವಿಶೇಷ ಪದ, ಗೆಳತಿಗೆ ಬರಿಯ ಬಾಲ: ‘ಹಾಲ್ಮೊನಿ ಜುಮುಶ್ಯೊ’. ನಾಲ್ಕನೆಯದರಲ್ಲಿ ಹೋಗುವವನು ನಾನು, ‘ಶಿ’ ಇಲ್ಲ. ಆದರೆ ‘ನಾನು’ ಎಂಬುದಕ್ಕೇ ವಿನಯದ ರೂಪವೊಂದಿದೆ, ಸಭೆಗೆ ಅದು ಬೇಕು: ‘ಜೆಗಾ ಗಾಗೆಸ್ಸುಮ್ನಿದಾ’. ಐದನೆಯದರ ಸರಿಯುತ್ತರ ‘ಮಾನ್ವೊನಿಮ್ನಿದಾ’. ಕೊರಿಯಾದ ಅಂಗಡಿಗಳಲ್ಲಿ ‘ಮಾನ್ವೊನಿಶಿಮ್ನಿದಾ’ ಎಂಬುದೂ ಕಿವಿಗೆ ಬೀಳಬಹುದು. ಆಗ ‘ಶಿ’ ಯಾರಿಗೆ ಸಂದಿತು ಎಂದು ಕೇಳಿಕೊಳ್ಳಿ. ಅದು ಹತ್ತು ಸಾವಿರ ವನ್‌ಗೆ ಸಂದಿದೆ ಎಂದು ನಿಮಗೆ ತಕ್ಷಣ ಹೊಳೆದರೆ ಎರಡು ಪ್ರಶ್ನೆಗಳೂ ನಿಮ್ಮ ಕಿವಿಯಲ್ಲಿ ಬೇರೆಬೇರೆಯಾಗಿ ನೆಲೆಸಿವೆ ಎಂದೇ ಅರ್ಥ.